ಊರು ಮುಟ್ಟಿದ ಮೇಲಿನ ಮೆಸೇಜು

ನಮ್ಮ ಕಡೆ ‘ಡೇಟ್ ಇದೆ’ ಅಂದರೆ ಕೋರ್ಟಿನಲ್ಲಿ ಕೇಸಿನ ಮುದ್ದತು ಇದೆ ಅಂತ ಅರ್ಥ. ಜಮೀನಿನ ವ್ಯಾಜ್ಯ ಇರುವ ಮನೆಯ ಯಜಮಾನರು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರೆ, ಕೇಳಿದವರಿಗೆ ‘ಇವತ್ತು ಡೇಟ್ ಐತೆ’ ಅನ್ನುತ್ತಾರೆ. ಹಾಗಾಗಿ ಒಬ್ಬ ಹುಡುಗ, ಒಬ್ಬ ಹುಡುಗಿ ಮನೆಯವರ ಮಧ್ಯಸ್ಥಿಕೆ ಇಲ್ಲದೆ ಮೊದಲ ಸಲ ಎದುರುಬದುರು ಕೂತು ಮಾತಾಡುವುದಕ್ಕೆ ಆ ಪದ ನಮ್ಮಲ್ಲಿ ನಿಲ್ಲುವುದಿಲ್ಲ. ‘ಮೀಟ್ ಆಗೋದು’ ಅನ್ನುತ್ತೇವೆ. ಹೆಸರು ಏನೇ ಇರಲಿ, ಈಗ ಹಳ್ಳಿಗಳಲ್ಲೂ ಇದು ನಡೆಯುತ್ತಿದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ‘ನಾವಿಬ್ರೂ ಒಂದ್ಸಲ ಮಾತಾಡ್ತೀವಿ’ ಎಂದು ಹೇಳುವ ಧೈರ್ಯ ಹುಡುಗಿಯರಿಗೆ ಬಂದಿದೆ. ಹತ್ತಿರದ ದೊಡ್ಡ ಊರು, ಅಲ್ಲಿನ ಒಂದು ಹೋಟೆಲು, ಒಂದು ಪಾರ್ಕು ಅಥವಾ ಕೆರೆ ಏರಿ. ಎರಡು ಮೂರು ಗಂಟೆ ಮಾತು. ಆಮೇಲೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುತ್ತಾರೆ.

ಬಸ್ಸು ಹತ್ತಿದ ಮೇಲೆ ಬರುವ ಮೊದಲ ಮೆಸೇಜಿನ ಬಗ್ಗೆ ಈ ಬರಹ. ಪತ್ರಿಕೋದ್ಯಮ ಓದಿ ಊರಿಗೆ ವಾಪಸು ಬಂದವರು ನಾವು. ನಮ್ಮಲ್ಲಿ ಹುಡುಗರೂ ಇದ್ದೇವೆ, ಹುಡುಗಿಯರೂ ಇದ್ದೇವೆ. ಓದಿದವರು ಅನ್ನುವ ಕಾರಣಕ್ಕೆ ತಹಶೀಲ್ದಾರರಿಗೆ ಕೊಡುವ ಅರ್ಜಿಯಿಂದ ಗೃಹಪ್ರವೇಶದ ಕರೆಯೋಲೆಯವರೆಗೆ ಎಲ್ಲವೂ ನಮ್ಮ ಬಳಿ ಬರುತ್ತದೆ. ಈಗ ಅದರ ಜೊತೆಗೆ ‘ಅಣ್ಣ, ಒಂದು ಮೆಸೇಜ್ ನೋಡಿ ಹೇಳ್ರಿ’ ಎನ್ನುವುದೂ ಶುರುವಾಗಿದೆ. ಅಂಥದ್ದೊಂದರ ಕತೆ ಇದು. ಇಬ್ಬರಿಗೂ ಓದಿಸಿ, ಹೆಸರು ಮತ್ತು ಹಳ್ಳಿ ಬಿಟ್ಟು, ಅವರ ಒಪ್ಪಿಗೆಯ ಮೇಲೆ ಬರೆಯುತ್ತಿದ್ದೇವೆ.

ಹುಡುಗ ನಮ್ಮಲ್ಲೊಬ್ಬರ ಚಿಕ್ಕಪ್ಪನ ಮಗ. ಹೊನ್ನಾಳಿ ತಾಲೂಕಿನ ಒಂದು ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟ. ಹುಡುಗಿ ಜಗಳೂರು ಕಡೆಯವರು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎರಡೂ ಕಡೆಗೆ ಬೇಕಾದ ಸಂಬಂಧಿಕರೊಬ್ಬರ ಮೂಲಕ ಫೋಟೋ ಅದಲುಬದಲಾಗಿತ್ತು. ಆಕೆಯ ಅಮ್ಮನಿಗೆ ವಿಷಯ ಗೊತ್ತು. ಅಪ್ಪನಿಗೆ, ಪಿಯುಸಿ ಓದುವ ತಮ್ಮನಿಗೆ ಇನ್ನೂ ಹೇಳಿರಲಿಲ್ಲ. ‘ಮೊದ್ಲು ನೀನು ಮಾತಾಡ್ಕಂಡು ಬಾ, ಒಪ್ಪಿಗೆ ಆದ್ರೆ ನಿಮ್ಮಪ್ಪಂಗೆ ನಾನು ಹೇಳ್ತೀನಿ’ ಎಂದು ಅಮ್ಮ ಕಳಿಸಿದ್ದರು. ಇದನ್ನು ನೆನಪಿಟ್ಟುಕೊಳ್ಳಿ. ಮೆಸೇಜಿನ ಪ್ರತಿ ಅಕ್ಷರವೂ ಈ ಒಂದು ಸಂಗತಿಯ ಮೇಲೆ ನಿಂತಿತ್ತು. ಅಪ್ಪನ ಕಿವಿಗೆ ವಿಷಯ ಅಮ್ಮನ ಬಾಯಿಂದ ಹೋದರೆ ಒಂದು ಕತೆ, ಫೋನಿನಿಂದ ಹೋದರೆ ಇನ್ನೊಂದು ಕತೆ. ಎರಡನೆಯದಾದರೆ ಮುಂದೆ ಆಕೆ ಒಬ್ಬಳೇ ದಾವಣಗೆರೆಗೆ ಹೋಗಿ ಬರುವುದಕ್ಕೂ ಕುತ್ತು ಬರುತ್ತಿತ್ತು.

ಒಂದು ಭಾನುವಾರ ದಾವಣಗೆರೆಯಲ್ಲಿ ಇಬ್ಬರೂ ಸಿಕ್ಕರು. ಬೆಣ್ಣೆ ದೋಸೆ ತಿಂದರು. ದುಡ್ಡು ಕೊಡುವಾಗ ಒಂದಿಷ್ಟು ಜಗ್ಗಾಟ ಆಗಿ, ದೋಸೆಯದು ಆತ, ಕಾಫಿಯದು ಆಕೆ ಅಂತ ತೀರ್ಮಾನವಾಯಿತು. ಆಮೇಲೆ ಕುಂದವಾಡ ಕೆರೆಯ ಏರಿ ಮೇಲೆ ನಡೆದರು. ಬಿಸಿಲು ಜಾಸ್ತಿ ಆಗಿ ಅರ್ಧಕ್ಕೇ ತಿರುಗಿ ಬಂದರು. ಆಕೆ ತನ್ನ ಶಾಲೆಯ ಮಾತು ಹೇಳಿದರು. ಎರಡನೇ ಕ್ಲಾಸಿನ ಒಬ್ಬ ಹುಡುಗ ದಿನಾ ಜೇಬಿನಲ್ಲಿ ಹುಣಸೆಹಣ್ಣು ತಂದು ‘ಮಿಸ್, ಇದು ನಿಮಗೆ’ ಅಂತ ಟೇಬಲ್ ಮೇಲೆ ಇಡುತ್ತಾನಂತೆ. ಮಗ್ಗಿ ಕೇಳಿದ ದಿನ ಮಾತ್ರ ಎರಡು ಇಡುತ್ತಾನಂತೆ. ಮೂರೂವರೆಗೆ ಆಕೆ ಹೊರಟರು. ಖಾಸಗಿ ಬಸ್ಸು ಮೊದಲು ಬಂದಿತ್ತು, ಆಕೆ ಅದನ್ನು ಬಿಟ್ಟು ಸರ್ಕಾರಿ ಬಸ್ಸಿಗೆ ಕಾದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿಗೆ ಮನೆಯಲ್ಲಿ ಕೈಯೊಡ್ಡದೆ ಹೆಣ್ಣುಮಕ್ಕಳು ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುತ್ತಿದ್ದಾರೆ. ಇಂಥ ಭೇಟಿಗಳಿಗೂ ಆ ಶೂನ್ಯ ದರದ ಚೀಟಿಯ ಪಾಲು ಇದೆ ಅಂತ ನಾವು ನಮ್ಮೊಳಗೆ ಮಾತಾಡಿಕೊಂಡಿದ್ದೇವೆ.

ಸಂಜೆ ಏಳಕ್ಕೆ ಹುಡುಗನ ಫೋನು. ಮುಖ ಕಾಣದಿದ್ದರೂ ನಗುತ್ತಿದ್ದಾನೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಬರೆದು ಇಟ್ಟುಕೊಂಡಿದ್ದ ಮೆಸೇಜು ಕಳಿಸಿದ.

‘ಹಾಯ್. ಇವತ್ತು ನನ್ನ ಲೈಫಲ್ಲೇ ಬೆಸ್ಟ್ ಡೇ. ನಿಮ್ಮನ್ನ ನೋಡಿದ ತಕ್ಷಣ ಇವರೇ ಅನ್ನಿಸಿಬಿಟ್ಟಿತು. ನಿದ್ದೆನೇ ಬರ್ತಿಲ್ಲ. ನಿಮಗೂ ಹಾಗೇ ಅನ್ನಿಸ್ತಾ? ಅಮ್ಮನಿಗೂ ಹೇಳಿದೆ, ಅವರಿಗೂ ಖುಷಿ. ಮುಂದಿನ ಭಾನುವಾರನೇ ಸಿಗೋಣ್ವಾ? ಪ್ಲೀಸ್ ರಿಪ್ಲೈ.’

‘ಯಾವಾಗ ಕಳಿಸ್ತೀಯ?’ ಕೇಳಿದೆವು.

‘ಈ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ ಐತೆ ಅಣ್ಣ. ಹನ್ನೊಂದಕ್ಕೆ ಮೋಟ್ರು ಹಾಕಕ್ಕೆ ಹೋಗ್ತೀನಲ್ಲ, ಆಗ ಪುರುಸೊತ್ತು.’

ನಿದ್ದೆ ಬರುತ್ತಿಲ್ಲ ಅಂತ ಸಂಜೆ ಏಳಕ್ಕೇ ಬರೆದಿಟ್ಟಿದ್ದನ್ನು ಕೇಳಿ ನಮ್ಮ ಗೆಳತಿಯೊಬ್ಬಳು ನಕ್ಕುಬಿಟ್ಟಳು. ಆದರೆ ಹನ್ನೊಂದು ಗಂಟೆ ನಗುವ ವಿಷಯ ಆಗಿರಲಿಲ್ಲ. ತೋಟಕ್ಕೆ ನೀರು ಬಿಡುವವನಿಗೆ ರಾತ್ರಿ ಹನ್ನೊಂದು ಅಂದರೆ ಕೆಲಸದ ಹೊತ್ತು. ಪಂಪ್‌ಸೆಟ್ಟಿನ ಕಟ್ಟೆ ಮೇಲೆ ಕೂತು ಫೋನು ನೋಡುವುದು ಅವನಿಗೆ ಹಗಲಿನಷ್ಟೇ ಸಹಜ. ಆದರೆ ಮೆಸೇಜಿನ ಮೂಲೆಯಲ್ಲಿ ಗಂಟೆ ಅಚ್ಚಾಗಿರುತ್ತದೆ. ಅಲ್ಲಿ 11:40 ಅಂತ ಇದ್ದರೆ ಮೋಟರಿನ ಪಾಳಿ ಯಾರಿಗೂ ಕಾಣುವುದಿಲ್ಲ. ‘ಮೊನ್ನೆ ಮೊನ್ನೆ ಪರಿಚಯ ಆದ ಗಂಡಸು ನಡುರಾತ್ರಿ ಮೆಸೇಜ್ ಮಾಡಿದಾನೆ’ ಅನ್ನುವುದಷ್ಟೇ ಕಾಣುತ್ತದೆ. ಒಳಗೆ ಬರೆದಿದ್ದು ದೇವರ ನಾಮವೇ ಆಗಿದ್ದರೂ ಅಷ್ಟೇ.

ಹಾಗಾದರೆ ಸರಿಯಾದ ಹೊತ್ತು ಯಾವುದು? ಎಂಟೂವರೆ, ಒಂಬತ್ತು ಅಂತ ಗಡಿಯಾರ ನೋಡಿ ಹೇಳಲು ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಫೋನು ಒಬ್ಬರದೇ ಆದರೂ ಕೈ ಬದಲಾಗುತ್ತಾ ಇರುತ್ತದೆ. ಆದ್ದರಿಂದ ಅವನಿಗೆ ಒಂದೇ ಪ್ರಶ್ನೆ ಕೇಳಿದೆವು: ‘ಆಕೆ ಫೋನು ಯಾವಾಗ ಆಕೆ ಕೈಯಲ್ಲಿರುತ್ತೆ? ಏನಾದ್ರೂ ಹೇಳಿದ್ರಾ?’

ಸ್ವಲ್ಪ ಹೊತ್ತು ಸುಮ್ಮನಿದ್ದು ನೆನಪು ಮಾಡಿಕೊಂಡ. ಹೇಳಿದ್ದರು, ಬೇರೆ ಮಾತಿನ ನಡುವೆ. ‘ಸಂಜೆ ನನ್ ಫೋನು ತಮ್ಮಂದೇ, ಆನ್‌ಲೈನ್ ಪಾಠ ಅಂತ ತಗಂಡು ಗೇಮ್ ಆಡ್ತಾನೆ, ಊಟದ ಹೊತ್ತಿಗೆ ಕಿತ್ಕಬೇಕು’ ಅಂದಿದ್ದರಂತೆ. ಮಲಗುವಾಗ ಫೋನು ಪಡಸಾಲೆಯಲ್ಲಿ, ಟಿವಿ ಪಕ್ಕ ಚಾರ್ಜಿಗೆ. ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಹೋಗುವ ಬಸ್ಸು. ಇಷ್ಟೂ ಆಕೆ ತಾನಾಗಿಯೇ ಹೇಳಿದ್ದ ಮಾತು. ಕಿವಿಗೊಟ್ಟು ಕೇಳಿದವನಿಗೆ ಹೊತ್ತು ಅಲ್ಲೇ ಸಿಕ್ಕಿತ್ತು. ಊಟ ಆದ ಮೇಲೆ, ಚಾರ್ಜಿಗೆ ಹಾಕುವ ಮುಂಚೆ, ಅಂದರೆ ಸುಮಾರು ಎಂಟೂಮುಕ್ಕಾಲರಿಂದ ಒಂಬತ್ತೂವರೆ. ಇಲ್ಲವಾದರೆ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ.

ಬೆಳಿಗ್ಗೆಯೇ ವಾಸಿ ಅಂತ ನಮ್ಮಲ್ಲಿ ಇಬ್ಬರು ಹೇಳಿದರು. ಫೋನು ಖಂಡಿತ ಆಕೆಯ ಕೈಯಲ್ಲೇ ಇರುತ್ತದೆ, ಪಕ್ಕದಲ್ಲಿ ಮನೆಯವರು ಇರುವುದಿಲ್ಲ ಎನ್ನುವುದು ಅವರ ವಾದ. ಗೆಳತಿ ಒಪ್ಪಲಿಲ್ಲ. ‘ಅಷ್ಟು ದೂರ ಹೋಗಿ ಬಂದವಳು ರಾತ್ರಿ ಮಲಗುವಾಗ ಒಂದು ಸಲ ಯೋಚನೆ ಮಾಡೇ ಮಾಡ್ತಾಳೆ, ನಾನು ಆ ಮಾತು ಹೇಳಬಾರದಿತ್ತೇನೋ, ಜಾಸ್ತಿ ಮಾತಾಡಿದ್ನೇನೋ ಅಂತ. ಅದಕ್ಕೆ ಮುಂಚೆ ಒಂದು ಮಾತು ಬಂದ್ರೆ ನೆಮ್ಮದಿಯಾಗಿ ಮಲಗ್ತಾಳೆ. ಬೆಳಿಗ್ಗೆ ಆದ್ರೆ ಗುಡ್ ಮಾರ್ನಿಂಗ್ ಗುಲಾಬಿ ಹೂಗಳ ನಡುವೆ ಇದೂ ಒಂದಾಗುತ್ತೆ’ ಅಂದಳು. ಅವಳ ಮಾತೇ ಗೆದ್ದಿತು. ಭೇಟಿಯ ದಿನವೇ, ರಾತ್ರಿ ಒಂಬತ್ತಕ್ಕೆ. ಪಂಪ್‌ಸೆಟ್ ಹತ್ತಿರ ನೆಟ್‌ವರ್ಕ್ ಒಂದೇ ಕಡ್ಡಿ ಬರುವುದರಿಂದ, ಮೆಸೇಜು ಅಲ್ಲೇ ಗಡಿಯಾರದ ಚಿಹ್ನೆ ತೋರಿಸಿಕೊಂಡು ನಿಂತು ಹೊತ್ತಲ್ಲದ ಹೊತ್ತಿಗೆ ಹೋಗಬಾರದು ಅಂತ, ಮನೆಯ ಜಗಲಿ ಮೇಲೆ ನಿಂತೇ ಕಳಿಸಬೇಕು ಅಂತಲೂ ಹೇಳಿದೆವು.

ಇನ್ನು ಮಾತು. ಅವನ ಮೆಸೇಜಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ನಿದ್ದೆಯದನ್ನು ಬಿಟ್ಟರೆ. ತೊಂದರೆ ಇದ್ದದ್ದು ಬೇರೆ ಕಡೆ. ಐದಾರು ಸಾಲಿನಲ್ಲಿ ಆಕೆಯಿಂದ ಮೂರು ಉತ್ತರ ಕೇಳಿದ್ದ: ನಿಮಗೂ ಹಾಗೇ ಅನ್ನಿಸ್ತಾ, ಮುಂದಿನ ಭಾನುವಾರ ಬರ್ತೀರಾ, ರಿಪ್ಲೈ ಮಾಡ್ತೀರಾ. ಒಂದೇ ದಿನ ಕಂಡ ಮನುಷ್ಯನಿಗೆ ಆ ಮೂರಕ್ಕೂ ಉತ್ತರ ಕೊಡುವುದು ಯಾರಿಗಾದರೂ ಭಾರ. ‘ಅಮ್ಮನಿಗೂ ಖುಷಿ’ ಅನ್ನುವ ಸಾಲಂತೂ ಇಡೀ ಮನೆತನವನ್ನೇ ತಂದು ಆಕೆಯ ಎದುರು ಕೂರಿಸಿದ ಹಾಗೆ. ಆಕೆ ಬಂದದ್ದು ಅವನೊಬ್ಬನ ಜೊತೆ ಮಾತಾಡಲು.

ಇದನ್ನೆಲ್ಲ ಹೇಳಿದ್ದೇ ತಡ, ಹುಡುಗ ಹೆದರಿ ಎದುರು ದಡಕ್ಕೆ ಹಾರಿದ. ಹತ್ತು ನಿಮಿಷಕ್ಕೆ ಇನ್ನೊಂದು ಬರೆದು ಕಳಿಸಿದ.

‘ತಾವು ಇಂದು ತಮ್ಮ ಅಮೂಲ್ಯವಾದ ಸಮಯವನ್ನು ನೀಡಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು.’

ಇದು ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆ. ಇನ್ನೊಂದು ಸಾಲು ಇದ್ದಿದ್ದರೆ ಶಾಮಿಯಾನ ಹಾಕಿದವರಿಗೂ ಧನ್ಯವಾದ ಹೇಳುತ್ತಿದ್ದ.

ಆದರೆ ಅವನನ್ನು ದೂರುವ ಹಾಗಿಲ್ಲ. ನಮ್ಮ ಮನೆಮಾತಿನಲ್ಲಿ ಧನ್ಯವಾದ ಅನ್ನುವ ಪದಕ್ಕೆ ಜಾಗವೇ ಇಲ್ಲ. ಅದು ವೇದಿಕೆಯ ಮಾತು, ಪತ್ರದ ಮಾತು. ಮನೆಯೊಳಗೆ ಯಾರಿಗಾದರೂ ಹಾಗೆ ಹೇಳಿದರೆ ಮುನಿಸಿಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ಹಾಗಂತ ನಮ್ಮವರಿಗೆ ಉಪಕಾರ ಸ್ಮರಣೆ ಗೊತ್ತಿಲ್ಲ ಅಂತಲ್ಲ. ಅದನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. ನೆಂಟರು ಊಟ ಮಾಡಿ ಹೋದ ಮೇಲೆ ಸಂಜೆ ಫೋನು ಮಾಡಿ ‘ಊರು ಮುಟ್ಟಿದ್ರಾ?’ ಎಂದು ಕೇಳುತ್ತಾರೆ. ಆ ಕಡೆಯವರು ‘ಮುಟ್ಟಿದ್ವಿ, ಸುಮ್ನೆ ನಿಮಗೆ ತೊಂದ್ರೆ ಕೊಟ್ವಿ’ ಅನ್ನುತ್ತಾರೆ. ಇವರು ‘ತೊಂದ್ರೆ ಏನ್ ಬಂತು, ನೀವು ಬಂದಿದ್ದು ಖುಷಿ ಆತು’ ಅನ್ನುತ್ತಾರೆ. ಮುಟ್ಟಿದ್ರಾ ಅನ್ನುವುದರಲ್ಲಿ ಕಾಳಜಿ ಇದೆ, ಖುಷಿ ಆತು ಅನ್ನುವುದರಲ್ಲಿ ಥ್ಯಾಂಕ್ಸ್ ಇದೆ, ‘ಹೋಗಿ ಬರ್ತೀವಿ’ ಅನ್ನುವುದರಲ್ಲಿ ಇನ್ನೊಮ್ಮೆ ಸಿಗುವ ಮಾತಿದೆ. ಹುಡುಗನಿಗೆ ಬೇಕಾದ ಮೆಸೇಜಿನ ಮೂರೂ ಭಾಗ ಅವನ ಅಜ್ಜಿಯ ಬಾಯಲ್ಲಿ ದಿನಾ ಇತ್ತು.

ಅಲ್ಲಿಂದ ಒಂದೊಂದೇ ಸಾಲು ಕೂತು ಕಟ್ಟಿದೆವು. ನಾವು ಬರೆದುಕೊಡಲಿಲ್ಲ. ಬರೆದುಕೊಟ್ಟರೆ ಎರಡನೇ ಭೇಟಿಗೂ ನಾವೇ ಹೋಗಬೇಕಾಗುತ್ತದೆ. ಅವನು ಹೇಳುತ್ತಾ ಹೋದ, ನಾವು ಕೇಳುತ್ತಾ ಹೋದೆವು.

ಮೊದಲ ಸಾಲು ‘ಊರು ಮುಟ್ಟಿದ್ರಾ?’ ಅಂತಲೇ ಇಟ್ಟ. ಗೆಳತಿ ಅದನ್ನು ಸ್ವಲ್ಪ ತಿರುಗಿಸಲು ಹೇಳಿದಳು. ಪ್ರಶ್ನೆ ಚಿಹ್ನೆ ಇದ್ದರೆ ಆಗಲೇ ಉತ್ತರ ಕೊಡಬೇಕು ಅನ್ನಿಸುತ್ತದೆ, ಪಕ್ಕದಲ್ಲಿ ಅಪ್ಪ ಕೂತಿದ್ದರೂ. ಅದಕ್ಕೆ ‘ಮುಟ್ಟಿದ್ರಿ ಅನ್ಕಂಡಿದೀನಿ’ ಅಂತ ಆಯಿತು. ಕಾಳಜಿ ಅಷ್ಟೇ ಇದೆ, ಒತ್ತಾಯ ಹೋಯಿತು. ಆಕೆ ಕತ್ತಲಾದ ಮೇಲೆ ಒಬ್ಬರೇ ಹೊರಟಿದ್ದರೆ ಮಾತು ಬೇರೆ, ಆಗ ನೇರವಾಗಿ ಕೇಳಲೇಬೇಕು. ಮೂರೂವರೆಯ ಬಸ್ಸಿಗೆ ಹೋದವರಿಗೆ ಇಷ್ಟು ಸಾಕು.

ಈ ಸಾಲನ್ನೇ ಮೊದಲು ಇಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ. ಮೆಸೇಜು ಬಂದಾಗ ಫೋನಿನ ಪರದೆಯ ಮೇಲೆ ಪಟ್ಟಿಯ ಹಾಗೆ ಇಳಿದು ಬರುತ್ತದಲ್ಲ, ಅದರಲ್ಲಿ ಕಾಣುವುದು ಮೊದಲ ಕೆಲವು ಪದ ಮಾತ್ರ. ಫೋನು ಯಾರ ಕೈಯಲ್ಲಿದೆಯೋ ಅವರು ಬಯಸದಿದ್ದರೂ ಅಷ್ಟು ಓದುತ್ತಾರೆ. ‘ಇವತ್ತು ನನ್ನ ಲೈಫಲ್ಲೇ ಬೆಸ್ಟ್ ಡೇ’ ಅಂತ ಇಳಿದರೆ ಮನೆಯಲ್ಲಿ ವಿಚಾರಣೆ ಶುರು. ‘ಕತ್ತಲಾಗೋದ್ರೊಳಗೆ ಊರು ಮುಟ್ಟಿದ್ರಿ’ ಅಂತ ಇಳಿದರೆ ಅದು ಯಾರಾದರೂ ಕೇಳುವ ಮಾತು. ಇಡೀ ಮೆಸೇಜನ್ನೂ ಒಂದು ಸಲ ಪಡಸಾಲೆಯಲ್ಲಿ ನಿಂತು ಜೋರಾಗಿ ಓದಿದ ಹಾಗೆ ಊಹಿಸಿಕೋ ಅಂದೆವು. ಯಾವ ಸಾಲಿನಲ್ಲಿ ಆಕೆ ತಲೆ ತಗ್ಗಿಸಬೇಕಾಗುತ್ತದೋ ಆ ಸಾಲು ಬೇಡ.

‘ಹಂಗಾರೆ ಏನೂ ಬರಿಯಂಗೇ ಇಲ್ವಲ್ಲಣ್ಣ, ಎಲ್ಲ ಚಪ್ಪೆ ಆತಲ್ಲ’ ಅಂದ. ನ್ಯಾಯವಾದ ತಕರಾರು. ಬೆಚ್ಚಗಿರಬೇಕು, ಆದರೆ ಪಡಸಾಲೆಯಲ್ಲೂ ನಿಲ್ಲಬೇಕು. ಇದಕ್ಕೆ ಹೊಗಳಿಕೆ ಒದಗುವುದಿಲ್ಲ. ‘ನೀವು ತುಂಬಾ ಚೆನ್ನಾಗಿದೀರಿ’ ಅನ್ನುವುದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು, ಎದುರಿಗೆ ಕೂತು ಮಾತಾಡಿದ್ದೇ ಬೇಕಿಲ್ಲ. ಒದಗುವುದು ಅವರಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಣ್ಣ ಸಂಗತಿ. ‘ಬಸ್ಸಲ್ಲಿ ಬರ್ತಾ ಏನು ನೆನಪಾಯ್ತು?’ ಅಂತ ಕೇಳಿದೆವು. ತಡಮಾಡದೆ ‘ಹುಣಸೆಹಣ್ಣಿನ ಹುಡುಗ. ಒಬ್ನೇ ನಗ್ತಾ ಇದ್ದೆ, ಪಕ್ಕದೋರು ತಿರುಗಿ ನೋಡಿದ್ರು’ ಅಂದ. ಅದನ್ನೇ ಬರಿ ಅಂದೆವು. ಅದರಲ್ಲಿ ಪ್ರೀತಿ, ಗೀತಿ ಅನ್ನುವ ಪದ ಇಲ್ಲ. ಆದರೆ ‘ನೀವು ಹೇಳಿದ್ದನ್ನು ನಾನು ಕೇಳಿಸಿಕೊಂಡೆ, ಬಿಟ್ಟು ಬಂದ ಮೇಲೂ ಅದು ನನ್ನ ಜೊತೆ ಇತ್ತು’ ಅನ್ನುವುದು ಪೂರ್ತಿ ಇದೆ. ತಮ್ಮ ಓದಿದರೆ ಅವನಿಗೆ ಅದು ಬರೀ ಹುಣಸೆಹಣ್ಣು.

ಕೊನೆಯ ಸಾಲಿಗೆ ಹೊತ್ತು ಹಿಡಿಯಿತು. ಮತ್ತೆ ಸಿಗುವ ಆಸೆ ಇದೆ ಅಂತ ಹೇಳದೇ ಬಿಟ್ಟರೆ ಆಕೆ ‘ಇಷ್ಟ ಆಗಲಿಲ್ಲವೇನೋ, ಮರ್ಯಾದೆಗೆ ಥ್ಯಾಂಕ್ಸ್ ಹೇಳಿದ್ದಾರೆ’ ಅಂದುಕೊಳ್ಳಬಹುದು. ದಿನ, ಜಾಗ ಎಲ್ಲ ಇಟ್ಟು ಕೇಳಿದರೆ ಕಟ್ಟಿಹಾಕಿದ ಹಾಗೆ. ಆಗ ಅವನಿಗೇ ಹೊಳೆದಿದ್ದು, ಬಿಸಿಲಿಗೆ ಅರ್ಧಕ್ಕೇ ಬಿಟ್ಟು ಬಂದ ಕೆರೆ ಏರಿ. ಅದಕ್ಕೆ ‘ನಿಮಗೂ ಸರಿ ಅನ್ಸಿದ್ರೆ’ ಅಂತ ಸೇರಿಸಿದ. ಆ ‘ಅನ್ಸಿದ್ರೆ’ ಬಹಳ ಕೆಲಸ ಮಾಡುತ್ತದೆ. ಬೇಡ ಅನ್ನಿಸಿದರೆ ಬೇಡ ಅಂತ ಬಾಯಿಬಿಟ್ಟು ಹೇಳುವ ಕಷ್ಟವೂ ಇಲ್ಲದೆ ಆಕೆ ಆಚೆ ಹೋಗಲು ದಾರಿ ಬಿಟ್ಟಿರುತ್ತದೆ.

ನೀವು, ನೀನು ಎನ್ನುವುದರ ಬಗ್ಗೆ ಚರ್ಚೆಯೇ ಆಗಲಿಲ್ಲ, ಆದರೂ ಹೇಳಿಬಿಡುತ್ತೇವೆ. ಎದುರಿಗೆ ಕೂತಾಗ ಯಾವುದರಲ್ಲಿ ಮಾತಾಡಿದ್ದರೋ ಮೆಸೇಜಿನಲ್ಲೂ ಅದೇ. ಎದುರಿಗೆ ‘ನೀವು’ ಅಂದವನು ರಾತ್ರಿ ಫೋನಿನಲ್ಲಿ ‘ಏನ್ ಮಾಡ್ತಿದೀಯ’ ಅಂದರೆ, ಕೇಳದೆ ಮನೆಯೊಳಗೆ ಕಾಲಿಟ್ಟ ಹಾಗೆ. ಇಂಗ್ಲಿಷ್‌ನಲ್ಲಿ ಬರೆದು ಈ ಗೊಂದಲದಿಂದ ಪಾರಾಗುವವರೂ ಇದ್ದಾರೆ, ಅಲ್ಲಿ ಎಲ್ಲರಿಗೂ ಒಂದೇ ‘ಯೂ’. ಆದರೆ ಕನ್ನಡದಲ್ಲಿ ಮಾತಾಡಿದವರಿಗೆ ಇಂಗ್ಲಿಷಿನ ಮೆಸೇಜು ಬೇರೆ ಯಾರೋ ಬರೆದಂತೆ ಕಾಣುತ್ತದೆ. ವಾಯ್ಸ್ ಮೆಸೇಜು ಬೇಡ ಅಂದೆವು. ದನಿಯಲ್ಲಿ ಆಪ್ತತೆ ಹೆಚ್ಚು ನಿಜ, ಆದರೆ ಅದನ್ನು ಕೇಳಲು ಆಕೆ ಮನೆಯಿಂದ ಆಚೆ ಹೋಗಬೇಕು.

ಒಂಬತ್ತಕ್ಕೆ ಎರಡು ನಿಮಿಷ ಇದ್ದಾಗ ಹೋದ ಮೆಸೇಜು ಇದು:

‘ಕತ್ತಲಾಗೋದ್ರೊಳಗೆ ಊರು ಮುಟ್ಟಿದ್ರಿ ಅನ್ಕಂಡಿದೀನಿ. ಇವತ್ತು ನೀವು ಬಂದು ಅಷ್ಟು ಹೊತ್ತು ಮಾತಾಡಿದ್ದು ತುಂಬಾ ಖುಷಿ ಆಯ್ತು, ಥ್ಯಾಂಕ್ಸ್. ಹುಣಸೆಹಣ್ಣಿನ ಹುಡುಗನ್ನ ನೆನೆಸ್ಕಂಡು ಬಸ್ಸಲ್ಲಿ ಒಬ್ನೇ ನಕ್ಕೆ. ನಿಮಗೂ ಸರಿ ಅನ್ಸಿದ್ರೆ ಇನ್ನೊಂದ್ಸಲ ಕೆರೆ ಏರಿ ಪೂರ್ತಿ ನಡೆಯೋಣ, ಬಿಸಿಲು ಕಮ್ಮಿ ಇರೋ ಹೊತ್ತಿಗೆ. ಪುರುಸೊತ್ತಾದಾಗ ಹೇಳಿ, ಅವಸರ ಇಲ್ಲ.’

ಹೂವು, ಹೃದಯದ ಚಿತ್ರ ಒಂದೂ ಇಲ್ಲ. ಒಂದು ನಗುಮುಖ ಹಾಕಲಾ ಅಂತ ಕೇಳಿದ. ನಕ್ಕೆ ಅಂತ ಬರೆದಿದ್ದೀಯಲ್ಲ ಅಂದೆವು.

ಎರಡು ಬೂದು ಗೆರೆ ಬಂದವು. 9:20ಕ್ಕೆ ನೀಲಿಯಾದವು. ಉತ್ತರ ಇಲ್ಲ. ಒಂಬತ್ತೂವರೆಗೆ ಅವನ ಫೋನು, ‘ಓದಿದಾರೆ, ಸುಮ್ನಿದಾರೆ.’ ಹತ್ತಕ್ಕೆ ಇನ್ನೊಂದು, ‘ಡಿಲೀಟ್ ಮಾಡ್ಲಾ?’ ಓದಿದ ಮೇಲೆ ಅಳಿಸಿದರೆ ಏನು ಬಂತು? ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ, ಏನೋ ತಪ್ಪು ಮಾಡಿದವನ ಹಾಗೆ. ‘ಸಿಕ್ತಾ?’, ಬರೀ ಒಂದು ಪ್ರಶ್ನೆ ಚಿಹ್ನೆ, ಇಂಥವನ್ನೂ ಕಳಿಸಬೇಡ ಅಂದೆವು. ಅವಸರ ಇಲ್ಲ ಅಂತ ಬರೆದವನು ಒಂದು ಗಂಟೆಯಲ್ಲಿ ಅವಸರ ಮಾಡಿದರೆ ಮೊದಲಿನ ಮಾತೂ ಸುಳ್ಳಾಗುತ್ತದೆ. ಅವನು ಹನ್ನೊಂದಕ್ಕೆ ಹೋಗಿ ಮೋಟರು ಹಾಕಿದ. ಆವತ್ತು ಅಡಿಕೆ ಗಿಡಗಳಿಗೆ ಎಷ್ಟು ನೀರು ಹೋಯಿತೋ ಅವನಿಗೇ ಗೊತ್ತಿಲ್ಲ.

ಇಂಥಲ್ಲಿ ಎಷ್ಟು ದಿನ ಕಾಯಬೇಕು ಅಂತ ಕೇಳುವವರಿದ್ದಾರೆ. ಒಂದೇ ಗೆರೆ ಇದ್ದರೆ ಮೆಸೇಜು ಇನ್ನೂ ಆ ಕಡೆ ಮುಟ್ಟಿಲ್ಲ. ದಿನದ ಡೇಟಾ ಮುಗಿದಿರಬಹುದು, ಕರೆನ್ಸಿ ಇಲ್ಲದಿರಬಹುದು. ಅದರಲ್ಲಿ ಅರ್ಥ ಹುಡುಕಬಾರದು. ನೀಲಿಯಾಗಿ ಮೂರು ನಾಲ್ಕು ದಿನ ಕಳೆದರೂ ಒಂದು ಮಾತಿಲ್ಲ ಅಂದರೆ, ಅದೂ ಒಂದು ಉತ್ತರವೇ. ಆಮೇಲೆ ಮಧ್ಯಸ್ಥಿಕೆ ಮಾಡಿದ ಸಂಬಂಧಿಕರ ಮೂಲಕ ಒಂದು ಸಲ ಕೇಳಿಸಬಹುದು. ಆಕೆಗೇ ಎರಡನೇ ಮೆಸೇಜು, ಮಿಸ್ಡ್ ಕಾಲು, ಬೇರೆ ನಂಬರಿಂದ ಫೋನು, ಇವು ಬೇಡ. ಮೆಸೇಜು ಎಷ್ಟೇ ಚೆನ್ನಾಗಿದ್ದರೂ ಆಗದ ಮನಸ್ಸನ್ನು ಅದು ಆಗಿಸುವುದಿಲ್ಲ.

ಇವನ ವಿಷಯದಲ್ಲಿ ಅಷ್ಟು ಕಾಯಬೇಕಾಗಲಿಲ್ಲ. ಆವತ್ತು ರಾತ್ರಿ ಆ ಮನೆಯಲ್ಲಿ ಏನಾಯಿತು ಅನ್ನುವುದನ್ನು ತಿಂಗಳ ಮೇಲೆ ಆಕೆಯೇ ನಮ್ಮ ಗೆಳತಿಗೆ ಹೇಳಿದರು. ಭಾನುವಾರ ಆದ್ದರಿಂದ ಊಟ ತಡವಾಗಿತ್ತು. ಒಂಬತ್ತಾದರೂ ಫೋನು ತಮ್ಮನ ಕೈಯಲ್ಲೇ ಇತ್ತು. ಅವನ ಗೇಮಿನ ಮೇಲೆ ಮೆಸೇಜಿನ ಪಟ್ಟಿ ಇಳಿದು ಬಂತು. ‘ಅಕ್ಕಾ, ಯಾರೋ ಕತ್ತಲಾಗೋದ್ರೊಳಗೆ ಊರು ಮುಟ್ಟಿದ್ರಿ ಅಂತ ಕಳ್ಸಿದಾರೆ’ ಅಂತ ಪಡಸಾಲೆಯಿಂದಲೇ ಕೂಗಿದನಂತೆ. ಅಪ್ಪ ಅಲ್ಲೇ ಟಿವಿ ನೋಡುತ್ತಾ ಕೂತಿದ್ದರು. ಅವರು ತಿರುಗಿ ‘ಮುಟ್ಟಿದೀನಿ ಅಂತ ಹೇಳ್ಬಾರದೇನವ್ವ, ಪಾಪ ಕಾಯ್ತಾ ಇರ್ತಾರೆ’ ಅಂದು ಮತ್ತೆ ಟಿವಿ ಕಡೆ ನೋಡಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರಂತೆ.

ಫೋನು ಕಿತ್ತುಕೊಂಡು ಹಿತ್ತಲಿಗೆ ಹೋಗಿ ಆಕೆ ಪೂರ್ತಿ ಓದಿದರು. ಆಗಲೇ ಉತ್ತರ ಬರೆಯಲು ಕೈ ಬರಲಿಲ್ಲ, ಏನು ಬರೆದರೂ ಜಾಸ್ತಿಯಾಗುತ್ತೆ ಅನ್ನಿಸಿತು ಅಂದರು. ಅವಸರ ಇಲ್ಲ ಅಂತ ಇದ್ದಿದ್ದರಿಂದ ಹಾಗೇ ಬಿಟ್ಟು, ಫೋನು ಚಾರ್ಜಿಗೆ ಹಾಕಿ ಮಲಗಿದರು.

ಉತ್ತರ ಬಂದದ್ದು ಸೋಮವಾರ ಮಧ್ಯಾಹ್ನ, ಮಕ್ಕಳು ಬಿಸಿಯೂಟಕ್ಕೆ ಕೂತ ಮೇಲೆ. ಹುಡುಗ ತೋಟದಲ್ಲಿ ಗುಟುಕು ನೆಟ್‌ವರ್ಕಿಗೆ ಕೈ ಮೇಲೆತ್ತಿ ಹಿಡಿದುಕೊಂಡು ಓದಿದ್ದು ಇದು:

‘ಆರು ಗಂಟೆಗೇ ಮುಟ್ಟಿದೆ. ನನಗೂ ಖುಷಿ ಆಯ್ತು. ಇವತ್ತು ಮಗ್ಗಿ ಕೇಳಿದೆ, ಎರಡು ಹುಣಸೆಹಣ್ಣು ಬಂದಿದಾವೆ. ಒಂದು ನಿಮಗೆ ಇಟ್ಟಿದೀನಿ.’